ನಕ್ಷೆಯಲ್ಲಿ ಇಲ್ಲದ ಗುಡಿಯನ್ನು ಸೇರಿಸುವ ಬಗೆ

ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮೂರ ಆಂಜನೇಯನ ಗುಡಿ ಇರಲಿಲ್ಲ. ಚುಕ್ಕೆ ಇಟ್ಟು ಹೆಸರು ಬರೆದು ಉಳಿಸಿದೆ, ಆದರೂ ಕಾಣುತ್ತಿಲ್ಲ. ಯಾಕೆ?

ಬಹುಶಃ ನೀವು ಹೆಸರು ಮಾತ್ರ ಕೊಟ್ಟಿದ್ದೀರಿ, ಅದು ಏನು ಅನ್ನುವುದನ್ನು ಹೇಳಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಉಳಿಸಿಕೊಳ್ಳುವುದು ಚಿತ್ರವನ್ನಲ್ಲ, ಮಾಹಿತಿಯನ್ನು. ಒಂದು ಜಾಗವನ್ನು ತೋರಿಸುವ ಚುಕ್ಕೆಗೆ ಟ್ಯಾಗ್‌ಗಳು, ಅಂದರೆ ಗುಣ ಮತ್ತು ಅದರ ಬೆಲೆಯ ಜೋಡಿಗಳು ಇರುತ್ತವೆ. ನಕ್ಷೆ ಬಿಡಿಸುವ ತಂತ್ರಾಂಶ ಅವನ್ನು ಓದಿ ಯಾವ ಗುರುತು ಹಾಕಬೇಕೆಂದು ತೀರ್ಮಾನಿಸುತ್ತದೆ. ಬರೀ ಹೆಸರಿದ್ದರೆ ಅದು ಗುಡಿಯೋ ಅಂಗಡಿಯೋ ತಿಳಿಯದೆ ಬಿಟ್ಟುಬಿಡುತ್ತದೆ.

ಲಾಗಿನ್ ಆಗಿ ಅದೇ ಚುಕ್ಕೆಯನ್ನು ತೆರೆದು ಬಗೆಯನ್ನು ಆರಿಸಿ. ಕೊನೆಗೆ ಟ್ಯಾಗ್‌ಗಳು ಹೀಗಿರಬೇಕು:

```
amenity=place_of_worship
religion=hindu
name:kn=ಆಂಜನೇಯ ಗುಡಿ
```

`name` ಕೂಡ ಇರಲಿ. ಅದನ್ನು ಯಾವ ಲಿಪಿಯಲ್ಲಿ ಬರೆಯಬೇಕೆಂದು ಸುತ್ತಲಿನ ಜಾಗಗಳನ್ನು ನೋಡಿ ತಿಳಿಯಿರಿ. ಹೆಸರು ಊರಿನವರು ಕರೆಯುವಂತೆಯೋ ಗುಡಿಯ ಫಲಕದಲ್ಲಿರುವಂತೆಯೋ ಇರಲಿ. ಗೂಗಲ್ ನಕ್ಷೆಯಿಂದ ನಕಲು ಮಾಡಬೇಡಿ, ಪರವಾನಗಿ ಅದಕ್ಕೆ ಒಪ್ಪುವುದಿಲ್ಲ.

ಜಾಗ ಇಡುವಾಗ ಒಂದು ಎಚ್ಚರ: ಉಪಗ್ರಹ ಚಿತ್ರ ಕೆಲವೊಮ್ಮೆ ಕೆಲವು ಮೀಟರ್ ಸರಿದಿರುತ್ತದೆ. ಎಡಿಟರ್‌ನಲ್ಲಿ ಇತರರ ಜಿಪಿಎಸ್ ಜಾಡುಗಳನ್ನು ತೋರಿಸಿಕೊಂಡು, ರಸ್ತೆಯ ಚಿತ್ರ ಆ ಜಾಡುಗಳ ಗುಂಪಿನ ಮೇಲೇ ಬೀಳುತ್ತದೆಯೇ ನೋಡಿ. ಬೀಳದಿದ್ದರೆ ಹಿನ್ನೆಲೆಯ ಚಿತ್ರವನ್ನು ಸರಿಸಿ ಹೊಂದಿಸಿ, ಆಮೇಲೆ ಚುಕ್ಕೆ ಇಡಿ. ಮೊದಲೇ ಇರುವ ಚುಕ್ಕೆ ತಪ್ಪು ಜಾಗದಲ್ಲಿದ್ದರೆ ಅಳಿಸಿ ಹೊಸದು ಹಾಕಬೇಡಿ, ಎಳೆದು ಸರಿಪಡಿಸಿ. ಅದರ ತಿದ್ದುಪಡಿಗಳ ಇತಿಹಾಸ ಉಳಿಯುತ್ತದೆ.

ಉಳಿಸಿದ ಮೇಲೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ, ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿದಾಗ ಗುಡಿ ಕಾಣುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಮಾತ್ರ ಅವುಗಳ ಮುಂದಿನ ನಕ್ಷೆ ಅಪ್‌ಡೇಟ್‌ವರೆಗೆ ಕಾಯಬೇಕು.