34 ಡಿಗ್ರಿ ಮಂಗಳೂರು, 42 ಡಿಗ್ರಿ ಕಲಬುರಗಿ

*ಸಂಪಾದಕರೇ, ನಮ್ಮೂರು ಕಲಬುರಗಿ. ಕೆಲಸಕ್ಕೆ ಅಂತ ಮಂಗಳೂರಿಗೆ ಬಂದ ಮೇಲೆ ಇದು ಮೊದಲ ಬೇಸಿಗೆ. ಊರಲ್ಲಿ 42 ಡಿಗ್ರಿಯಲ್ಲಿ ಆರಾಮಾಗಿ ಓಡಾಡಿದವನು, ಇಲ್ಲಿ 34ಕ್ಕೇ ಸುಸ್ತಾಗಿ ಕೂತುಬಿಡುತ್ತೇನೆ. ಮೊಬೈಲ್ ನೋಡಿದರೆ ‘34, ಫೀಲ್ಸ್ ಲೈಕ್ 44’ ಅಂತ ತೋರಿಸುತ್ತದೆ. ಎರಡರಲ್ಲಿ ಯಾವುದು ನಿಜ? ಈ 44 ಸುಮ್ನೆ ಹೆದರಿಸೋಕೆ ಹಾಕೋದಾ? ನಿಜವಾಗಿ ಅಪಾಯ ಯಾವ ಊರಿನ ಬಿಸಿಯಲ್ಲಿ?*
*— ಒಬ್ಬ ಓದುಗ, ಸುರತ್ಕಲ್*

ಸಂಪಾದಕರ ಉತ್ತರ

ಗಾಳಿಯ ಬಿಸಿ 34, ಅದರಲ್ಲಿ ಅನುಮಾನ ಬೇಡ. ನೆರಳಿನಲ್ಲಿ ಇಟ್ಟ ಥರ್ಮಾಮೀಟರ್ ಹೇಳುವುದು ಅದನ್ನೇ. ನೆರಳಲ್ಲಿಟ್ಟ ಬಕೆಟ್ಟಿನ ನೀರಾಗಲಿ, ನೆರಳಲ್ಲಿ ನಿಲ್ಲಿಸಿದ ಬೈಕಾಗಲಿ 44ಕ್ಕೆ ಏರುವುದಿಲ್ಲ. ಆ 44 ನಿಮ್ಮ ಮೈಯ ಲೆಕ್ಕ. ಅದಕ್ಕೆ ಹೀಟ್ ಇಂಡೆಕ್ಸ್ ಅಂತಾರೆ. ಹೆದರಿಸೋಕೆ ಹಾಕಿದ್ದಲ್ಲ, ಆದರೆ ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಅಂತ ಗೊತ್ತಿಲ್ಲದಿದ್ದರೆ ದಾರಿ ತಪ್ಪಿಸುತ್ತದೆ.

ಊರಲ್ಲಿ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹುಲ್ಲಿನ ಪ್ಯಾಡ್ ಇರುವ ಏರ್ ಕೂಲರ್ ಇದ್ದೇ ಇರುತ್ತದೆ. ಅದನ್ನು ಮಂಗಳೂರಿಗೆ ತಂದರೆ ಏನಾಗುತ್ತದೆ ಅಂತ ಇಲ್ಲಿನವರನ್ನು ಕೇಳಿ, ನಗುತ್ತಾರೆ. ಕೂಲರ್ ಮಾಡುವುದು ಒಂದೇ ಕೆಲಸ: ನೀರನ್ನು ಆವಿ ಮಾಡುವುದು. ನೀರು ಆವಿಯಾಗುವಾಗ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ 42 ಡಿಗ್ರಿ, ತೇವಾಂಶ ಶೇ. 20 ಅಂತ ಇಟ್ಟುಕೊಳ್ಳಿ. ಅಲ್ಲಿನ ಗಾಳಿಯನ್ನು ಕೂಲರ್ ಹೆಚ್ಚೆಂದರೆ 24ರವರೆಗೆ ಇಳಿಸಬಲ್ಲದು. ಮಂಗಳೂರಿನ 34 ಡಿಗ್ರಿ, ಶೇ. 65 ತೇವಾಂಶದಲ್ಲಿ ಅದು 28ರಿಂದ ಕೆಳಗೆ ಹೋಗಲಾರದು, ಎಷ್ಟೇ ನೀರು ಸುರಿದರೂ. ಗಾಳಿ ಎಂಟು ಡಿಗ್ರಿ ತಣ್ಣಗಿರುವ ಊರಿನಲ್ಲಿ ಕೂಲರ್ ಜಾಸ್ತಿ ಬಿಸಿಯ ಗಾಳಿ ಕೊಡುತ್ತದೆ! ಬೆವರುವ ಮೈಗೂ ಇದೇ ಗತಿ.

ಇದರ ಹಿಂದಿನ ಲೆಕ್ಕ ಕಷ್ಟದ್ದಲ್ಲ. ಬೆವರು ಒದ್ದೆ ಚರ್ಮದಿಂದ ಗಾಳಿಗೆ ಹೋಗಬೇಕಾದರೆ ಗಾಳಿಯಲ್ಲಿ ಜಾಗ ಇರಬೇಕು. ಬಿಸಿಲುಗಾಲದಲ್ಲಿ ನಮ್ಮ ಚರ್ಮ ಸುಮಾರು 35 ಡಿಗ್ರಿ ಇರುತ್ತದೆ. ಒದ್ದೆ ಚರ್ಮಕ್ಕೆ ಅಂಟಿಕೊಂಡ ಗಾಳಿಯ ತೆಳು ಪದರದಲ್ಲಿ ಒಂದು ಘನ ಮೀಟರಿಗೆ ಸುಮಾರು 40 ಗ್ರಾಂ ಲೆಕ್ಕದಲ್ಲಿ ನೀರಿನ ಆವಿ ತುಂಬಿರುತ್ತದೆ. ಕಲಬುರಗಿಯ ಆ ಮಧ್ಯಾಹ್ನದ ಗಾಳಿಯಲ್ಲಿ ಇರುವುದು 11 ಗ್ರಾಂ. ಮಂಗಳೂರಿನ ಗಾಳಿಯಲ್ಲಿ 24 ಗ್ರಾಂ. ಬೆವರನ್ನು ಎಳೆದುಕೊಳ್ಳುವ ಶಕ್ತಿ ಈ ವ್ಯತ್ಯಾಸದಲ್ಲಿದೆ: ಅಲ್ಲಿ ಸುಮಾರು 29, ಇಲ್ಲಿ 16. ಗಾಳಿ ಬೀಸುವುದು ಒಂದೇ ಸಮ ಇದ್ದರೆ ಮಂಗಳೂರಿನಲ್ಲಿ ನಿಮ್ಮ ಬೆವರು ಆವಿಯಾಗುವ ವೇಗ ಊರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಉಳಿದ ಬೆವರು ಏನಾಗುತ್ತದೆ? ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ದಂಡ. ಅದು ನೀರನ್ನೂ ಉಪ್ಪನ್ನೂ ತೆಗೆದುಕೊಂಡು ಹೋಗುತ್ತದೆ, ಬಿಸಿಯನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಸುಮ್ಮನೆ ಕೂತವರ ಮೈಯಲ್ಲೂ ಸುಮಾರು 100 ವ್ಯಾಟ್ ಬಿಸಿ ಹುಟ್ಟುತ್ತಲೇ ಇರುತ್ತದೆ. ಮೂಟೆ ಹೊರುವವರಲ್ಲಿ, ಗಾರೆ ಕೆಲಸದವರಲ್ಲಿ ಅದು ಮೂರು ನಾಲ್ಕು ಪಟ್ಟು. ಗಾಳಿ 34, ಚರ್ಮ 35 ಇದ್ದಾಗ ಗಾಳಿಗೆ ನೇರವಾಗಿ ಹೋಗುವ ಬಿಸಿ ಇಲ್ಲವೆಂದೇ ಹೇಳಬಹುದು. ಹಾಗಾಗಿ ಎಲ್ಲ ಭಾರ ಬೆವರಿನ ಮೇಲೆ. ಅಂಗಿ ತೊಪ್ಪೆಯಾಗಿದೆ ಎಂದರೆ ಮೈ ತಣ್ಣಗಾಗುತ್ತಿದೆ ಅಂತಲ್ಲ, ತಣ್ಣಗಾಗಲು ಪಾಡುಪಡುತ್ತಿದೆ ಅಂತ.

ಈಗ ಆ 44ಕ್ಕೆ ಬರೋಣ. 1979ರಲ್ಲಿ ಆರ್. ಜಿ. ಸ್ಟೆಡ್‌ಮನ್ ಎಂಬವರು ಈ ಲೆಕ್ಕ ಹಾಕಿದರು. ಅವರು ಹವಾಮಾನ ಇಲಾಖೆಯವರಲ್ಲ, ಜವಳಿ ವಿಭಾಗದವರು. ಬಟ್ಟೆ ತೊಟ್ಟ ಮನುಷ್ಯನ ಮೈಯಿಂದ ಬಿಸಿ ಹೇಗೆ ಹೊರಗೆ ಹೋಗುತ್ತದೆ ಎಂಬ ದಾರಿಯಲ್ಲಿ ಅವರು ಇಲ್ಲಿಗೆ ಬಂದದ್ದು. ಅವರು ಒಂದು ಒಣ ಗಾಳಿಯನ್ನು ಅಳತೆಗೋಲಾಗಿ ಇಟ್ಟುಕೊಂಡರು. ಇಂದಿನ ಗಾಳಿಯಲ್ಲಿ ನಿಮ್ಮ ಮೈಗೆ ಎಷ್ಟು ಕಷ್ಟವಾಗುತ್ತಿದೆಯೋ, ಅಷ್ಟೇ ಕಷ್ಟ ಆ ಒಣ ಗಾಳಿಯಲ್ಲಿ ಎಷ್ಟು ಡಿಗ್ರಿಗೆ ಆಗುತ್ತದೆ? ಆ ಡಿಗ್ರಿಯೇ ಹೀಟ್ ಇಂಡೆಕ್ಸ್. ನಿಮಗೆ ತಮಾಷೆ ಅನ್ನಿಸಬಹುದು, ಅವರು ಆರಿಸಿಕೊಂಡ ಗಾಳಿಯಲ್ಲಿ ಇದ್ದ ನೀರು ಘನ ಮೀಟರಿಗೆ ಸುಮಾರು 11 ಗ್ರಾಂ. ಅಂದರೆ ನಿಮ್ಮೂರಿನ ಏಪ್ರಿಲ್ ಮಧ್ಯಾಹ್ನದ ಗಾಳಿಯಷ್ಟೇ! ಅದಕ್ಕೇ ಕಲಬುರಗಿಯ 42 ಡಿಗ್ರಿಗೆ ಲೆಕ್ಕ ಹಾಕಿದರೆ ಹೀಟ್ ಇಂಡೆಕ್ಸ್ ಕೂಡ 42ರ ಹತ್ತಿರವೇ ಬರುತ್ತದೆ. ಮಂಗಳೂರಿನ 34ಕ್ಕೆ 44 ಬರುತ್ತದೆ. ನಿಮ್ಮ ಮೊಬೈಲ್ ಹೇಳುತ್ತಿರುವುದು ಇಷ್ಟು: ‘ಈ ಸೆಕೆ ನಿನಗೆ ಕಲಬುರಗಿಯ 44ರಷ್ಟು ಕಷ್ಟ ಕೊಡುತ್ತದೆ.’ ನೀವು ಸುಸ್ತಾಗಿ ಕೂತದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇಲ್ಲೊಂದು ಎಚ್ಚರಿಕೆ. ಬೇಸಿಗೆಯಲ್ಲಿ ವಾಟ್ಸ್ಆ್ಯಪ್‌ನಲ್ಲಿ ‘ಮಂಗಳೂರಿನಲ್ಲಿ 58 ಡಿಗ್ರಿ ಅನುಭವ’ ಎಂಬಂಥ ಸುದ್ದಿ ಬಂದರೆ ಮೊದಲು ಲೆಕ್ಕ ನೋಡಿ. ಗಾಳಿಯಲ್ಲಿರುವ ನೀರು ದಿನವಿಡೀ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಶೇಕಡಾವಾರು ತೇವಾಂಶ ಏರಿಳಿಯುತ್ತದೆ. ಅದೇ 24 ಗ್ರಾಂ ನೀರು ಬೆಳಗಿನ ಜಾವದ 28 ಡಿಗ್ರಿಯಲ್ಲಿ ಶೇ. 90 ಆಗುತ್ತದೆ, ಮಧ್ಯಾಹ್ನದ 34ರಲ್ಲಿ ಶೇ. 65. ಬೆಳಗಿನ ಶೇ. 90ನ್ನೂ ಮಧ್ಯಾಹ್ನದ 34ನ್ನೂ ಒಟ್ಟಿಗೆ ಸೇರಿಸಿದರೆ 58 ಬರುತ್ತದೆ. ಅಂಥ ಗಾಳಿ ಆ ದಿನ ಯಾವ ಹೊತ್ತಿನಲ್ಲೂ ಇರಲಿಲ್ಲ. ಡಿಗ್ರಿ, ತೇವಾಂಶ ಎರಡೂ ಒಂದೇ ಗಂಟೆಯದ್ದಾಗಿರಬೇಕು.

ಇನ್ನು ಅಪಾಯದ ಪ್ರಶ್ನೆ. 42, 44 ಎರಡೂ ಎಚ್ಚರ ವಹಿಸಬೇಕಾದ ಅಂಕಿಗಳೇ. ನನಗೆ ಸೆಕೆಯ ಬಗ್ಗೆ ಜಾಸ್ತಿ ಭಯ, ಯಾಕೆಂದರೆ ಅದು ನಮ್ಮ ಎಚ್ಚರಿಕೆಯ ಪಟ್ಟಿಗೆ ಸುಲಭವಾಗಿ ಸಿಗುವುದಿಲ್ಲ. ಭಾರತೀಯ ಹವಾಮಾನ ಇಲಾಖೆಯ ನಿಯಮದಲ್ಲಿ ಬಿಸಿ ಅಲೆ ಅನ್ನಬೇಕಾದರೆ ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಆಗಬೇಕು, ಕರಾವಳಿಯಲ್ಲಿ 37. ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇರಬೇಕು. ನಿಮ್ಮ 34 ಇದರ ಹತ್ತಿರಕ್ಕೂ ಬರುವುದಿಲ್ಲ. ಇಲಾಖೆಯೂ ಇದನ್ನು ಗಮನಿಸಿದೆ. ‘ಬಿಸಿ ಮತ್ತು ಸೆಕೆ’ಯ ಹವೆಗೆ ಬೇರೆಯೇ ಎಚ್ಚರಿಕೆ ಕೊಡುತ್ತದೆ, 2023ರಿಂದ ಪ್ರಾಯೋಗಿಕವಾಗಿ ಹೀಟ್ ಇಂಡೆಕ್ಸ್ ನಕ್ಷೆಗಳನ್ನೂ ಹೊರತರುತ್ತಿದೆ.

ಅದೇ ವರ್ಷ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್ಘರ್‌ನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಬಯಲಿನಲ್ಲಿ ನಡೆದ ದೊಡ್ಡ ಪ್ರಶಸ್ತಿ ಸಮಾರಂಭ. ಜನ ಗಂಟೆಗಟ್ಟಲೆ ಬಿಸಿಲಲ್ಲಿ ಕೂತಿದ್ದರು. ಹತ್ತಿರದ ಕೇಂದ್ರದಲ್ಲಿ ದಾಖಲಾದ ಬಿಸಿ 38ರ ಆಸುಪಾಸು. ಕಲಬುರಗಿಯವರಿಗೆ ಅದು ಲೆಕ್ಕಕ್ಕೇ ಇಲ್ಲದ ಅಂಕಿ, ಅಲ್ವಾ? 14 ಜನ ತೀರಿಕೊಂಡರು. ಸಮುದ್ರದ ಹತ್ತಿರದ ಊರು, ನೆರಳಿಲ್ಲ, ಎದ್ದು ಹೋಗುವಂತಿಲ್ಲ. ಹೀಟ್ ಇಂಡೆಕ್ಸ್‌ನ ಮಿತಿಯೂ ಇಲ್ಲೇ ಕಾಣುತ್ತದೆ. ಸ್ಟೆಡ್‌ಮನ್ ಲೆಕ್ಕದ ಮನುಷ್ಯ ಆರೋಗ್ಯವಂತ, ತೆಳು ಬಟ್ಟೆ ತೊಟ್ಟು, ಸಣ್ಣ ಗಾಳಿಯಲ್ಲಿ, ನೆರಳಿನಲ್ಲಿ ನಡೆಯುತ್ತಿರುವವನು. ನೇರ ಬಿಸಿಲಿಗೆ ಬಂದರೆ ಇನ್ನೂ 8 ಡಿಗ್ರಿಯವರೆಗೆ ಸೇರಿಸಿಕೊಳ್ಳಬೇಕು. ತಲೆಯ ಮೇಲೆ ಜಲ್ಲಿ ಬಾಂಡಲಿ ಇದ್ದವರ ಲೆಕ್ಕ, ವಯಸ್ಸಾದವರ ಲೆಕ್ಕ, ಹೃದಯದ ತೊಂದರೆಗೆ ಮಾತ್ರೆ ನುಂಗುವವರ ಲೆಕ್ಕ ಅದರಲ್ಲಿ ಇಲ್ಲ.

ಹಾಗಂತ ಊರಿನ ಬಿಸಿಯನ್ನು ಹಗುರವಾಗಿ ಕಾಣಬೇಡಿ. ಅದರ ಮೋಸ ಬೇರೆ ಥರದ್ದು. ಅಲ್ಲಿ ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ, ಮೈ ಒದ್ದೆಯಾಗುವುದೇ ಇಲ್ಲ. ‘ನಾನು ಬೆವರುತ್ತಿಲ್ಲ’ ಅಂದುಕೊಂಡವರು ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಕಳೆದುಕೊಂಡಿರುತ್ತಾರೆ. ಫ್ಯಾನಿನ ವಿಷಯವೂ ತಲೆಕೆಳಗು. ಮಂಗಳೂರಿನ 34ರಲ್ಲಿ ಫ್ಯಾನ್ ನಿಜವಾಗಿ ಉಪಕಾರ ಮಾಡುತ್ತದೆ, ಮೈಗೆ ಅಂಟಿದ ಒದ್ದೆ ಗಾಳಿಯನ್ನು ತಳ್ಳಿ ಬೇರೆ ಗಾಳಿ ತರುತ್ತದೆ. 40 ದಾಟಿದ ಮೇಲೆ ಅದು ಮೈಗೆ ಬಿಸಿಯನ್ನೇ ತುಂಬುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅಲ್ಲಿ ಕೂಲರ್ ಅಥವಾ ಮೈಮೇಲೆ ಒದ್ದೆ ಬಟ್ಟೆ ಬೇಕು.

ನಿಮ್ಮ ಮೈ ಒಂದೆರಡು ವಾರದಲ್ಲಿ ಇಲ್ಲಿಗೆ ಸ್ವಲ್ಪ ಒಗ್ಗುತ್ತದೆ. ಬೆವರು ಬೇಗ ಶುರುವಾಗುತ್ತದೆ, ಉಪ್ಪು ಕಡಿಮೆ ಹೋಗುತ್ತದೆ. ಆದರೆ ಗಾಳಿಯಲ್ಲಿ ಜಾಗವೇ ಇಲ್ಲದಾಗ ಜಾಸ್ತಿ ಬೆವರಿ ಹೆಚ್ಚು ಲಾಭವಿಲ್ಲ. ಸೆಕೆಯಲ್ಲಿ ಕೆಲಸ ಮಾಡಬೇಕಿದ್ದರೆ ನಿಜವಾದ ದಾರಿ ಮೈಯೊಳಗೆ ಹುಟ್ಟುವ ಬಿಸಿಯನ್ನೇ ಇಳಿಸುವುದು: ಭಾರದ ಕೆಲಸವನ್ನು ಬೆಳಗ್ಗೆ ಬೇಗ ಮುಗಿಸುವುದು, ನಡುನಡುವೆ ಫ್ಯಾನಿನ ಕೆಳಗೆ ಕೂರುವುದು. ನೀರು ಕುಡಿಯಲೇಬೇಕು, ಆದರೆ ಅದು ಬೆವರಿಗೆ ಸರಕು ಒದಗಿಸುತ್ತದೆಯೇ ಹೊರತು ಬೆವರನ್ನು ಒಣಗಿಸುವುದಿಲ್ಲ.

ಜೊತೆಗಿರುವವರು ಬಿಸಿಗೆ ಕುಸಿದರೆ ಏನು ನೋಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ‘ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್’ ಎಂಬ ಮಾತು ಹಳೆಯದು. ಕೆಲಸ ಮಾಡುತ್ತಾ ಕುಸಿದವರು ಬೆವರಿನಲ್ಲಿ ತೊಯ್ದಿರುವುದೂ ಉಂಟು. ನೋಡಬೇಕಾದ್ದು ತಲೆ: ಮಾತು ತೊದಲುವುದು, ಸಂಬಂಧವಿಲ್ಲದ ಉತ್ತರ, ರೇಗಾಟ, ಎಚ್ಚರ ತಪ್ಪುವುದು. ಕೂಡಲೇ 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಕಾಯದೆ ನೆರಳಿಗೆ ತಂದು ತಣ್ಣಗೆ ಮಾಡಲು ಶುರುಮಾಡಿ. ಕಲಬುರಗಿಯಲ್ಲಾದರೆ ಮೈ ಒದ್ದೆ ಮಾಡಿ ಜೋರಾಗಿ ಗಾಳಿ ಹಾಕಿದರೂ ಬಿಸಿ ಬೇಗ ಇಳಿಯುತ್ತದೆ. ಮಂಗಳೂರಿನಲ್ಲಿ ಅಷ್ಟನ್ನೇ ನಂಬಬೇಡಿ. ಆವಿಯಾಗುವ ದಾರಿ ಅರ್ಧ ಮುಚ್ಚಿರುವುದರಿಂದ ತಣ್ಣೀರೇ ಬಿಸಿಯನ್ನು ಎಳೆದುಕೊಳ್ಳಬೇಕು. ಬಕೆಟ್ ಬಕೆಟ್ ತಣ್ಣೀರು ಸುರಿಯುತ್ತಲೇ ಇರಿ. ಹತ್ತಿರದಲ್ಲಿ ಮೀನಿನ ಐಸೋ, ಜ್ಯೂಸ್ ಅಂಗಡಿಯ ಐಸೋ ಸಿಕ್ಕರೆ ನೀರಿಗೆ ಹಾಕಿ ಬಟ್ಟೆ ಅದ್ದಿ ಮೈ ತುಂಬ ಹೊದಿಸಿ, ಬಿಸಿಯಾದ ಹಾಗೆ ಬದಲಿಸಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.