ಎಕ್ಸ್‌ಟೆಂಡರ್ ಇಡಬೇಕಾದ್ದು ಸಿಗ್ನಲ್ ಸಾಯುವ ಜಾಗದಲ್ಲಲ್ಲ

ಪ್ರಶ್ನೆ: ಹಿಂದಿನ ಕೋಣೆಗೆ ವೈಫೈ ಬರ್ತಿರಲಿಲ್ಲ, ಅದಕ್ಕೆ ಅಲ್ಲೊಂದು ಎಕ್ಸ್‌ಟೆಂಡರ್ ಹಾಕಿದೆ. ಈಗ ಮೊಬೈಲ್‌ನಲ್ಲಿ ಸಿಗ್ನಲ್ ಫುಲ್ ಇದೆ, ಆದರೆ ಸ್ಪೀಡ್ ಮೊದಲಿಗಿಂತ ಕಮ್ಮಿ. ಇದಕ್ಕಿಂತ ಪವರ್‌ಫುಲ್ ಆದದ್ದು ತಗೊಳ್ಳಬೇಕಾ?

ಬೇಡ, ದಯವಿಟ್ಟು ತಗೊಳ್ಳಬೇಡಿ. ನಾನು ತಗೊಂಡು ದುಡ್ಡು ಕಳಕೊಂಡಿದ್ದೇನೆ. ಎರಡನೆಯದು ಮೊದಲನೆಯದಕ್ಕಿಂತ ದುಬಾರಿ, ಆದರೆ ಅದನ್ನೂ ಅದೇ ಪ್ಲಗ್ಗಿಗೆ ಸಿಕ್ಕಿಸಿದೆ. ಸ್ಪೀಡ್ ಅಷ್ಟಕ್ಕೇ ನಿಂತಿತು.

ನಮ್ಮದು 100 ಎಂಬಿಪಿಎಸ್ ಪ್ಲಾನ್. ರೂಟರ್ ಹಾಲ್‌ನಲ್ಲಿ, ನೆಟ್ ಸಿಗದಿದ್ದದ್ದು ಮೂರು ಗೋಡೆಗಳ ಆಚೆಗಿನ ಕೋಣೆಯಲ್ಲಿ. ಸಿಗ್ನಲ್ ಎಲ್ಲಿ ಇಲ್ಲವೋ ಅಲ್ಲೇ ಎಕ್ಸ್‌ಟೆಂಡರ್ ಇರಬೇಕು ಅಂದುಕೊಂಡು ಆ ಕೋಣೆಯಲ್ಲೇ ಇಟ್ಟೆ. ಫೋನ್‌ನಲ್ಲಿ ಕಡ್ಡಿಗಳೆಲ್ಲ ತುಂಬಿದವು. ಸ್ಪೀಡ್ ಟೆಸ್ಟ್ ಮಾಡಿದರೆ 6.

ಎಡವಿದ್ದು ಇಲ್ಲೇ, ಇದನ್ನು ಬಿಡಿಸಿ ಹೇಳಲೇಬೇಕು. ಫೋನ್ ತೋರಿಸುವ ಕಡ್ಡಿಗಳು ಫೋನಿಗೂ ಎಕ್ಸ್‌ಟೆಂಡರಿಗೂ ನಡುವಿನ ಸಿಗ್ನಲ್ ಮಾತ್ರ. ಎರಡು ಮಾರು ದೂರದಲ್ಲಿದ್ದರೆ ಅದು ಫುಲ್ ಇರಲೇಬೇಕಲ್ಲ! ಎಕ್ಸ್‌ಟೆಂಡರಿಗೂ ರೂಟರಿಗೂ ನಡುವೆ ಇನ್ನೊಂದು ಕೊಂಡಿ ಇದೆ, ಅದಕ್ಕೆ ಬ್ಯಾಕ್‌ಹಾಲ್ ಅಂತಾರೆ. ಅದರ ಸ್ಥಿತಿ ಫೋನ್ ತೋರಿಸುವುದಿಲ್ಲ. ಎಕ್ಸ್‌ಟೆಂಡರ್ ಹೊಸದಾಗಿ ಇಂಟರ್ನೆಟ್ ಹುಟ್ಟಿಸುವುದಿಲ್ಲ, ಕಿವಿಗೆ ಬಿದ್ದದ್ದನ್ನು ಮತ್ತೆ ಕೂಗಿ ಹೇಳುತ್ತದೆ. ಫೋನಿಗೇ ಸರಿಯಾಗಿ ಕೇಳಿಸದ ಜಾಗದಲ್ಲಿ ಅದಕ್ಕೆ ಮಾತ್ರ ಎಷ್ಟು ಕೇಳಿಸೀತು?

ಅಳೆಯುವುದು ಸುಲಭ. ಎಕ್ಸ್‌ಟೆಂಡರ್ ಆಫ್ ಮಾಡಿ, ಅದಿದ್ದ ಜಾಗದಲ್ಲೇ ವಿಂಡೋಸ್ ಲ್ಯಾಪ್‌ಟಾಪ್ ಇಟ್ಟು, ರೂಟರ್‌ನ ವೈಫೈಗೆ ಕನೆಕ್ಟ್ ಮಾಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಕೊಡಿ:

```
netsh wlan show interfaces
```

`Signal` ಮತ್ತು `Receive rate` ಅನ್ನುವ ಎರಡು ಸಾಲು ನೋಡಿದರೆ ಸಾಕು. ನನಗೆ ಬಂದದ್ದು 42% ಮತ್ತು 26. ಅದೂ 2.4 ಗಿಗಾಹರ್ಟ್ಸ್‌ನಲ್ಲಿ, ಯಾಕೆಂದರೆ 5 ಗಿಗಾಹರ್ಟ್ಸ್ ಅಷ್ಟು ಗೋಡೆ ದಾಟಿ ಬರುತ್ತಲೇ ಇರಲಿಲ್ಲ. ಈ 26ರಲ್ಲಿ ನಿಜವಾಗಿ ಕೈಗೆ ಸಿಗುವುದು ಸುಮಾರು ಅರ್ಧ. ಎಕ್ಸ್‌ಟೆಂಡರ್ ರೂಟರ್‌ನಿಂದ ಕೇಳುವುದೂ ಫೋನಿಗೆ ಹೇಳುವುದೂ ಒಂದೇ ಬ್ಯಾಂಡ್‌ನಲ್ಲಾದರೆ ಎರಡನ್ನೂ ಒಟ್ಟಿಗೆ ಮಾಡಲಾಗದು, ಸರದಿಯ ಮೇಲೆ ಮಾಡಬೇಕು. ಹಾಗಾಗಿ ಉಳಿದದ್ದರಲ್ಲಿ ಮತ್ತೆ ಅರ್ಧ. ನನ್ನ 6 ಬಂದದ್ದು ಈ ಲೆಕ್ಕದಲ್ಲೇ.

ಪ್ಯಾಸೇಜ್‌ನಲ್ಲೂ ಸ್ಪೀಡ್ ಬಿದ್ದಿತ್ತು. ರೂಟರಿಗೂ ಎಕ್ಸ್‌ಟೆಂಡರಿಗೂ ಒಂದೇ ವೈಫೈ ಹೆಸರು ಕೊಟ್ಟಿದ್ದರಿಂದ, ಹತ್ತಿರದ ಎಕ್ಸ್‌ಟೆಂಡರ್‌ನ ಜೋರು ಸಿಗ್ನಲ್ ಕಂಡು ಫೋನ್ ರೂಟರನ್ನು ಬಿಟ್ಟು ಅದಕ್ಕೇ ಅಂಟಿಕೊಳ್ಳುತ್ತಿತ್ತು. ಪರೀಕ್ಷೆ ಮುಗಿಯುವವರೆಗಾದರೂ ಎಕ್ಸ್‌ಟೆಂಡರಿಗೆ ಬೇರೆ ಹೆಸರಿಡಿ. ಇಲ್ಲದಿದ್ದರೆ ನೀವು ಯಾವುದನ್ನು ಅಳೆಯುತ್ತಿದ್ದೀರಿ ಅನ್ನುವುದೇ ತಿಳಿಯುವುದಿಲ್ಲ.

ಆಮೇಲೆ ಲ್ಯಾಪ್‌ಟಾಪ್ ಹಿಡಿದು ರೂಟರ್ ಕಡೆಗೆ ಒಂದೊಂದೇ ಪ್ಲಗ್ ಪಾಯಿಂಟ್ ಹತ್ತಿರ ಹೋಗುತ್ತಾ ಅದೇ ಕಮಾಂಡ್ ಕೊಟ್ಟೆ. ಪ್ಯಾಸೇಜ್‌ನಲ್ಲಿ, ಆ ಕೋಣೆಯ ಬಾಗಿಲಿಗೆ ತುಸು ಮುಂಚೆ, 5 ಗಿಗಾಹರ್ಟ್ಸ್‌ನಲ್ಲೇ 76% ಸಿಕ್ಕಿತು, ಅಂದರೆ ಸುಮಾರು -62 ಡಿಬಿಎಂ. ಎಕ್ಸ್‌ಟೆಂಡರನ್ನು ಅಲ್ಲಿಗೆ ತಂದು, ಸೆಟ್ಟಿಂಗ್‌ನಲ್ಲಿ ರೂಟರ್ ಜೊತೆಗಿನ ಸಂಪರ್ಕವನ್ನು 5 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿದೆ. ಕೋಣೆಯೊಳಗೆ ಫೋನ್‌ನ ಕಡ್ಡಿ ಒಂದು ಕಮ್ಮಿಯಾಯಿತು, ಸ್ಪೀಡ್ 45ಕ್ಕೆ ಏರಿತು. ಕಡ್ಡಿ ಕಮ್ಮಿಯಾದರೆ ಗಾಬರಿಯಾಗಬೇಡಿ, ಅದು ಒಳ್ಳೆಯ ಲಕ್ಷಣ. ಪ್ಲಗ್ ಫ್ರಿಜ್‌ನ ಹಿಂದೆಯೋ ಕಬ್ಬಿಣದ ಬೀರುವಿನ ಪಕ್ಕವೋ ಇದ್ದರೆ ಮಾತ್ರ ಆ ಜಾಗ ಬಿಟ್ಟುಬಿಡಿ, ಲೋಹ ಸಿಗ್ನಲ್ಲನ್ನು ತಡೆಯುತ್ತದೆ.

ನಿಮ್ಮಲ್ಲೂ ತೊಂದರೆ ಇದೇನಾ ಅಂತ ಖಚಿತ ಮಾಡಿಕೊಳ್ಳಲು ಎಕ್ಸ್‌ಟೆಂಡರ್ ಪಕ್ಕದಲ್ಲೇ ನಿಂತು ಅದಕ್ಕೆ ಕನೆಕ್ಟ್ ಆಗಿ ಸ್ಪೀಡ್ ನೋಡಿ. ಅಲ್ಲೇ ಕಮ್ಮಿ ಬಂದರೆ ಬ್ಯಾಕ್‌ಹಾಲ್ ಸೊರಗಿದೆ, ರೂಟರ್ ಕಡೆಗೆ ಸರಿಸಿ. ಅಲ್ಲಿ ಚೆನ್ನಾಗಿದ್ದು ಕೋಣೆಯಲ್ಲಿ ಮಾತ್ರ ಬೀಳುತ್ತಿದ್ದರೆ ಸ್ವಲ್ಪ ಕೋಣೆಯ ಕಡೆಗೆ ತನ್ನಿ.

ನಡುವೆ ಎಲ್ಲೂ 5 ಗಿಗಾಹರ್ಟ್ಸ್‌ನಲ್ಲಿ 70% ಆಸುಪಾಸು ಸಿಗದಿದ್ದರೆ ಆ ಮನೆಗೆ ಇಂಥ ಎಕ್ಸ್‌ಟೆಂಡರ್ ಸರಿಹೋಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೊಸದಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ರೂಟರ್‌ನಿಂದ ಆ ಕೋಣೆಯವರೆಗೆ ಲ್ಯಾನ್ ಕೇಬಲ್ ಎಳೆಸಿ. ನಿಮ್ಮ ಎಕ್ಸ್‌ಟೆಂಡರ್‌ನಲ್ಲಿ ಲ್ಯಾನ್ ಪೋರ್ಟ್ ಮತ್ತು ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನೇ ಕೇಬಲ್‌ಗೆ ಸೇರಿಸಬಹುದು. ಆಗ ರೂಟರ್‌ನಿಂದ ಬರುವುದೆಲ್ಲ ತಂತಿಯಲ್ಲಿ ಬರುವುದರಿಂದ, ಎಕ್ಸ್‌ಟೆಂಡರನ್ನು ಆ ಕೋಣೆಯ ಒಳಗೇ ಇಡಬಹುದು.