ಡೆತ್ ಕಾರ್ಡ್ ನೋಡಿ ಮುನಿದ ದೊಡ್ಡಮ್ಮ

ಪ್ರಶ್ನೆ: ನನಗೆ 29 ವರ್ಷ. ಎರಡು ವರ್ಷಗಳಿಂದ ಟ್ಯಾರೋ ಕಲಿಯುತ್ತಿದ್ದೇನೆ. ಯಾರಿಗೂ ಭವಿಷ್ಯ ಹೇಳುವುದಿಲ್ಲ. ವಾರಕ್ಕೊಮ್ಮೆ ನನಗಾಗಿ ಮೂರು ಕಾರ್ಡ್ ಹರಡಿಕೊಂಡು ಯೋಚಿಸುತ್ತೇನೆ. ಕೆಲಸ ಬಿಟ್ಟು ಮುಂದೆ ಓದಲೇ ಎಂಬ ಗೊಂದಲದಲ್ಲಿ ಮೊನ್ನೆ ಹರಡಿದಾಗ ಎಯ್ಟ್ ಆಫ್ ಕಪ್ಸ್, ಫೋರ್ ಆಫ್ ಪೆಂಟಕಲ್ಸ್, ಡೆತ್ ಬಂದವು. ನನ್ನನ್ನು ಸಾಕಿದ ದೊಡ್ಡಮ್ಮ ಹಿಂದಿನಿಂದ ಬಂದು ಅಸ್ಥಿಪಂಜರದ ಚಿತ್ರ ನೋಡಿದರು. ‘ಮನೆಯೊಳಗೆ ಇಂಥದ್ದು ಬೇಡ’ ಎಂದವರು ಅಂದಿನಿಂದ ಸರಿಯಾಗಿ ಮಾತನಾಡುತ್ತಿಲ್ಲ. ಅವರನ್ನು ನೋಯಿಸದೆ, ಸುಳ್ಳೂ ಹೇಳದೆ ಇದನ್ನು ಹೇಗೆ ವಿವರಿಸಲಿ?

ಉತ್ತರ: ಮೊದಲಿಗೆ, ಅವರನ್ನು ನಂಬಿಸುವ ಆಸೆ ಬಿಡಿ. ನೀವು ಕೇಳಿದ್ದು ವಿವರಿಸುವ ಬಗೆಯನ್ನು. ಎರಡೂ ಒಂದೇ ಅಲ್ಲ. ‘ಡೆತ್ ಎಂದರೆ ಸಾವಲ್ಲ, ಬದಲಾವಣೆ’ ಎಂಬ ಸಿದ್ಧವಾಕ್ಯವನ್ನಂತೂ ಹೇಳಲೇಬೇಡಿ. ಟ್ಯಾರೋ ಬಲ್ಲವರೆಲ್ಲ ಅದನ್ನೇ ಹೇಳುತ್ತಾರೆ, ಕೇಳುವವರಿಗೆ ಅದು ನುಣುಚಿಕೊಂಡಂತೆಯೇ ಕೇಳಿಸುತ್ತದೆ. ಕಾರ್ಡಿನಿಂದಲ್ಲ, ಕಾರ್ಡ್ ಬೀಳುವ ಜಾಗದಿಂದ ಶುರುಮಾಡಿ. ಆ ಮೂರನ್ನೂ ಬೋರಲಾಗಿಟ್ಟುಕೊಂಡು ಕುಳಿತರೆ ಮಾತು ಸುಮಾರು ಹೀಗೆ ನಡೆಯಬಹುದು ಎಂದು ನನ್ನ ಊಹೆ. ದೊಡ್ಡಮ್ಮನ ಮಾತುಗಳನ್ನು ಬೇಕೆಂದೇ ಸ್ವಲ್ಪ ಖಾರವಾಗಿ ಬರೆದಿದ್ದೇನೆ.

ನೀವು: ದೊಡ್ಡಮ್ಮ, ಅವತ್ತು ನಾನು ಏನು ಮಾಡುತ್ತಿದ್ದೆ ಎಂದು ತೋರಿಸಲೇ? ಸಾಕು ಎಂದ ಕೂಡಲೇ ಎತ್ತಿಡುತ್ತೇನೆ.

ದೊಡ್ಡಮ್ಮ: ತೋರಿಸು. ಆದರೆ ಅದರಿಂದ ನಾಳೆಯದು ತಿಳಿಯುತ್ತದೆ ಎಂದು ಮಾತ್ರ ಹೇಳಬೇಡ.

ನೀವು: ಹೇಳುವುದಿಲ್ಲ. ಇವು ಹುಟ್ಟಿದ್ದೇ ಆಟದ ಎಲೆಗಳಾಗಿ. 15ನೇ ಶತಮಾನದಲ್ಲಿ ಇಟಲಿಯ ಉತ್ತರ ಭಾಗದವರು ನಾವು ಇಸ್ಪೀಟು ಆಡಿದಂತೆ ಇವುಗಳಿಂದ ಆಡುತ್ತಿದ್ದರು.

ದೊಡ್ಡಮ್ಮ: ಯಾವುದೋ ಪ್ರಾಚೀನ ವಿದ್ಯೆ ಎನ್ನುತ್ತಾರಲ್ಲ?

ನೀವು: ಈಜಿಪ್ಟಿನ ವಿದ್ಯೆ ಎಂದು 1781ರಲ್ಲಿ ಫ್ರಾನ್ಸಿನಲ್ಲಿ ಒಬ್ಬರು ಬರೆದರು. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರೇ ಇರಲಿಲ್ಲ! ನನ್ನ ಕಟ್ಟಿನ ಚಿತ್ರಗಳು ಇನ್ನೂ ಈಚಿನವು. 1909ರಲ್ಲಿ ಅಚ್ಚಾದವು, ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ.

ದೊಡ್ಡಮ್ಮ: ಚಿತ್ರ ಹೆಂಗಸು ಬರೆದರೇನು, ಗಂಡಸು ಬರೆದರೇನು. ಸಾವು ಸಾವೇ.

ನೀವು: ಅಲ್ಲಿಗೇ ಬರುತ್ತೇನೆ. ಎಲೆ ಕಲಸುವ ಮೊದಲೇ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳುತ್ತೇನೆ, ಮೂರು ಜಾಗಗಳನ್ನೂ ಗೊತ್ತುಮಾಡುತ್ತೇನೆ. ಎಡಕ್ಕೆ ನಾನು ಈಗ ಇರುವ ಸ್ಥಿತಿ, ನಡುವೆ ನನ್ನನ್ನು ತಡೆಯುತ್ತಿರುವುದು, ಬಲಕ್ಕೆ ನಾನು ಇಡಬಹುದಾದ ಹೆಜ್ಜೆ. ಇದಕ್ಕೆ ಸ್ಪ್ರೆಡ್ ಎನ್ನುತ್ತಾರೆ. ‘ಮುಂದೆ ಏನಾಗುತ್ತದೆ’ ಎಂಬ ಜಾಗವೇ ನನ್ನ ಹರವಿನಲ್ಲಿ ಇಲ್ಲ, ನೋಡಿ.

ದೊಡ್ಡಮ್ಮ: ಸರಿ, ಎಡಗಡೆಯದನ್ನು ತಿರುಗಿಸು.

ನೀವು: ಎಂಟು ಬಟ್ಟಲುಗಳನ್ನು ಜೋಡಿಸಿಟ್ಟು, ಅವುಗಳಿಗೆ ಬೆನ್ನು ಮಾಡಿ ಒಬ್ಬ ನಡೆದುಹೋಗುತ್ತಿದ್ದಾನೆ. ಬಟ್ಟಲುಗಳು ಒಡೆದಿಲ್ಲ, ಆದರೂ ಹೊರಟಿದ್ದಾನೆ. ನನ್ನ ಕೆಲಸವೂ ಕೆಟ್ಟದ್ದೇನಲ್ಲ ದೊಡ್ಡಮ್ಮ, ಆದರೆ ಮನಸ್ಸು ಅಲ್ಲಿಂದ ಎದ್ದು ಹೋಗಿ ಬಹಳ ದಿನವಾಯಿತು.

ದೊಡ್ಡಮ್ಮ: ಅದನ್ನು ನನಗೆ ಹೇಳಿರಲಿಲ್ಲ.

ನೀವು: ನನಗೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ನಡುವಿನದು ಇದು. ಒಂದು ನಾಣ್ಯವನ್ನು ಎದೆಗೆ ಅವುಚಿಕೊಂಡಿದ್ದಾನೆ, ಎರಡರ ಮೇಲೆ ಕಾಲಿಟ್ಟಿದ್ದಾನೆ, ತಲೆಯ ಮೇಲೂ ಒಂದಿದೆ.

ದೊಡ್ಡಮ್ಮ: ಪಾಪ, ಅಲುಗಾಡುವಂತಿಲ್ಲ. ನಿನ್ನ ಉಳಿತಾಯ ಎಷ್ಟು ತಿಂಗಳಿಗೆ ಸಾಕಾಗುತ್ತದೆ?

ನೀವು: ಏಳು ತಿಂಗಳಿಗೆ. ಓದು ಎರಡು ವರ್ಷದ್ದು.

ದೊಡ್ಡಮ್ಮ: ಇದನ್ನು ಕೇಳಲು ನನಗೆ ಎಲೆ ಬೇಕಾಗಲಿಲ್ಲ.

ನೀವು: ನಿಮಗೆ ಬೇಡ, ಒಪ್ಪಿದೆ. ಇನ್ನು ಕೊನೆಯದು. ಕುದುರೆಯ ಮೇಲೆ ಕವಚ ತೊಟ್ಟ ಅಸ್ಥಿಪಂಜರ, ಕೆಳಗೆ ಬಿದ್ದ ರಾಜ, ಎದುರಿಗೆ ಮಗು, ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. ಇದು ಸಾವಿನ ಚಿತ್ರವೇ, ಅಲ್ಲ ಎನ್ನುವುದಿಲ್ಲ. ಆದರೆ ಬಿದ್ದಿರುವುದು ‘ಹೆಜ್ಜೆ’ಯ ಜಾಗದಲ್ಲಿ. ಹಾಗಾಗಿ ನಾನು ಕೇಳಿಕೊಳ್ಳುವುದು, ಯಾವುದನ್ನು ಮುಗಿಸಬೇಕು ಎಂದು. ಇದೇ ಎಲೆ ನಡುವಿನ ಜಾಗದಲ್ಲಿ ಬಿದ್ದಿದ್ದರೆ, ಮುಗಿಸುವ ಭಯವೇ ನನ್ನನ್ನು ತಡೆಯುತ್ತಿದೆಯೇ ಎಂದು ಕೇಳಿಕೊಳ್ಳುತ್ತಿದ್ದೆ.

ದೊಡ್ಡಮ್ಮ: ಅಷ್ಟು ಎಲೆಗಳಲ್ಲಿ ಇದೇ ಏಕೆ ಬರಬೇಕಿತ್ತು?

ನೀವು: ಇರುವುದು 78 ಎಲೆ. ಕಲಸಿ ಮೂರು ತೆಗೆದರೆ ಸರಾಸರಿ 26 ಸಲಕ್ಕೊಮ್ಮೆ ಇದು ಬರುತ್ತದೆ. ವಾರಕ್ಕೊಮ್ಮೆ ಹರಡುವ ನನಗೆ ವರ್ಷಕ್ಕೆ ಸುಮಾರು ಎರಡು ಸಲ ಸಿಗುತ್ತದೆ.

ದೊಡ್ಡಮ್ಮ: ಹಾಗಾದರೆ ಬೇರೆ ಮೂರು ಬಂದಿದ್ದರೆ ಬೇರೆ ಕಥೆ ಹೇಳುತ್ತಿದ್ದೆ.

ನೀವು: ಹೌದು, ಬೇರೆಯದನ್ನೇ ಹೇಳುತ್ತಿದ್ದೆ.

ಈ ‘ಹೌದು’ ಎಂಬಲ್ಲಿ ದಯವಿಟ್ಟು ತಡವರಿಸಬೇಡಿ. ದೊಡ್ಡಮ್ಮ ಹಿಡಿದಿರುವುದು ಟ್ಯಾರೋದ ನಿಜವಾದ ದೌರ್ಬಲ್ಯವನ್ನೇ: ಯಾವ ಚಿತ್ರ ಬಂದರೂ ನಮ್ಮ ಬದುಕಿಗೆ ಹೊಂದಿಸಿಕೊಳ್ಳಬಹುದು. 1948ರಲ್ಲಿ ಬರ್ಟ್ರಾಂ ಫೋರರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳಿಗೆ ‘ಇದು ನಿನ್ನ ವ್ಯಕ್ತಿತ್ವ’ ಎಂದು ಒಂದೊಂದು ಹಾಳೆ ಕೊಟ್ಟು, ಎಷ್ಟು ಹೊಂದುತ್ತದೆ ಎಂದು 5ಕ್ಕೆ ಅಂಕ ಹಾಕಿಸಿದರು. ಸರಾಸರಿ 4ಕ್ಕಿಂತ ಹೆಚ್ಚು ಬಂತು. ಎಲ್ಲರ ಹಾಳೆಯಲ್ಲಿ ಇದ್ದದ್ದು ಒಂದೇ ಬರಹ! ಮೆಚ್ಚುವ ಮಾತಾದರೆ ನಾವು ಎಷ್ಟು ಬೇಗ ನಮ್ಮದೆಂದು ಒಪ್ಪಿಕೊಳ್ಳುತ್ತೇವೆ ನೋಡಿ. ಆದ್ದರಿಂದ ದೊಡ್ಡಮ್ಮನ ಅನುಮಾನವನ್ನು ಅಜ್ಞಾನವೆಂದು ಭಾವಿಸಬೇಡಿ. ನಿಮ್ಮ ಹರವಿಗೆ ಅಂಥ ಅನುಮಾನ ಬೇಕು. ನಾಣ್ಯ ಅವುಚಿಕೊಂಡವನನ್ನು ನೋಡಿ ಅವರು ಉಳಿತಾಯದ ಲೆಕ್ಕ ಕೇಳಿದಂತೆ ಬರೆದದ್ದೂ ಅದಕ್ಕೇ. ಎರಡು ವರ್ಷದ ಓದಿಗೆ ಏಳು ತಿಂಗಳ ಹಣ ಸಾಲದು ಎಂಬ ಸಂಗತಿಯನ್ನು ಯಾವ ಎಲೆಯೂ ಬದಲಿಸುವುದಿಲ್ಲ.

ನೀವೇ ದಾರಿ ತಪ್ಪುತ್ತಿದ್ದೀರಾ ಎಂದು ತಿಳಿಯಲು ಒಂದು ಗುರುತಿದೆ. ಬಂದದ್ದು ಹಿಡಿಸಲಿಲ್ಲವೆಂದು ಅದೇ ಪ್ರಶ್ನೆಗೆ ಮತ್ತೆ ಕಲಸಿ ಎಲೆ ತೆಗೆಯುತ್ತಿದ್ದರೆ, ನೀವು ಯೋಚಿಸುತ್ತಿಲ್ಲ, ಒಪ್ಪಿಗೆ ಹುಡುಕುತ್ತಿದ್ದೀರಿ. ಡೆತ್ ಬಂದ ದಿನ ಹಾಗೆ ಮಾಡಿದ್ದರೆ ಅದನ್ನೂ ದೊಡ್ಡಮ್ಮನಿಗೆ ಹೇಳಿಬಿಡಿ.

ಮಾತು ಚೆನ್ನಾಗಿ ನಡೆಯಿತೆಂಬ ಉತ್ಸಾಹದಲ್ಲಿ ‘ನೀವೂ ಒಂದು ಎಲೆ ತೆಗೆಯಿರಿ’ ಎಂದು ಕಟ್ಟನ್ನು ಅವರ ಮುಂದೆ ಹಿಡಿಯಬೇಡಿ. ಅವರ ಆರೋಗ್ಯ, ಆಯಸ್ಸುಗಳ ಬಗ್ಗೆ ಅವರಿಗೆ ತಿಳಿಯದಂತೆಯೂ ಹರಡಬೇಡಿ. ಅವರು ಹೆದರಿದ್ದು ಅದಕ್ಕೇ ಇರಬಹುದು. ಎಲ್ಲ ಕೇಳಿದ ಮೇಲೂ ‘ನನ್ನ ಕಣ್ಣಿಗೆ ಬೀಳದಂತೆ ಇಡು’ ಎಂದರೆ ನಿಮ್ಮ ಕೋಣೆಯ ಕಪಾಟಿನಲ್ಲಿಟ್ಟು ಬಾಗಿಲು ಹಾಕಿ, ಹೊರಗೆ ಬಂದು ಅವರ ಜೊತೆ ಆ ಹಣದ ಲೆಕ್ಕಕ್ಕೆ ಕುಳಿತುಕೊಳ್ಳಿ.